ಬೊಕ್ಕತಲೆ ತಾಯಿಯ ಕಡೆಯಿಂದ ಮಾತ್ರ ಬರುತ್ತದೆಯೇ? ಚರ್ಮರೋಗ ವೈದ್ಯರೊಂದಿಗೆ ಪ್ರಶ್ನೋತ್ತರ

ಈರಣ್ಣ, ಗದಗ: ಮೇಡಂ, ನಮಸ್ಕಾರ. ನನಗೆ 27 ವರ್ಷ. ಹಣೆಯ ಎರಡೂ ಬದಿಯಲ್ಲಿ ಕೂದಲು ಹಿಂದೆ ಸರಿಯುತ್ತಿದೆ. ಬೊಕ್ಕತಲೆ ತಾಯಿಯ ಕಡೆಯಿಂದ ಮಾತ್ರ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅವ್ವನ ಅಪ್ಪ, ಅಂದರೆ ನಮ್ಮ ಅಜ್ಜ, ತೀರಿಕೊಳ್ಳುವವರೆಗೂ ತಲೆತುಂಬ ಕೂದಲಿದ್ದವರು. ಬೊಕ್ಕತಲೆ ಇರುವುದು ನನ್ನ ಅಪ್ಪನಿಗೆ. ನನಗಿಂತ ಐದು ವರ್ಷ ದೊಡ್ಡವನಾದ ಅಣ್ಣನಿಗೆ ಏನೂ ಆಗಿಲ್ಲ. ಹಾಗಾದರೆ ನನಗೆ ಇದು ಎಲ್ಲಿಂದ ಬಂತು?

ಡಾಕ್ಟರ್, ಚರ್ಮರೋಗ ವಿಭಾಗ, ಹುಬ್ಬಳ್ಳಿ: "ಮಾತ್ರ" ಎನ್ನುವುದು ತಪ್ಪು. ತಾಯಿಯಿಂದ ಬರುವ ಒಂದು ಜೀನ್‌ನ ಪ್ರಭಾವ ಬೇರೆ ಯಾವುದೇ ಒಂದು ಜೀನ್‌ನ ಪ್ರಭಾವಕ್ಕಿಂತ ಹೆಚ್ಚು ಎನ್ನುವಷ್ಟು ಮಾತ್ರ ನಿಜ. ಅದು ಎಕ್ಸ್ ವರ್ಣತಂತುವಿನಲ್ಲಿರುವ ಆಂಡ್ರೋಜನ್ ರಿಸೆಪ್ಟರ್ ಜೀನ್, ಅಂದರೆ ಗಂಡು ಹಾರ್ಮೋನ್ ಅಂಟಿಕೊಳ್ಳುವ ರಿಸೆಪ್ಟರ್ ಅನ್ನು ತಯಾರಿಸುವ ಜೀನ್. ಗಂಡುಮಗನಿಗೆ ಎಕ್ಸ್ ವರ್ಣತಂತು ತಾಯಿಯಿಂದಲೇ ಬರುವುದರಿಂದ ಈ ಮಾತು ಜನರ ಬಾಯಿಗೆ ಬಂದಿದೆ. ಪೂರ್ತಿ ಉತ್ತರ ಬರೆಯುವ ಮೊದಲು ನನಗೆ ಒಂದು ವಿಷಯ ಗೊತ್ತಾಗಬೇಕು. ನಿಮ್ಮ ತಂದೆ ತಾಯಿ ಮದುವೆಗೆ ಮೊದಲೇ ಸಂಬಂಧಿಕರೇ? ನಮ್ಮ ಭಾಗದಲ್ಲಿ ಇದನ್ನು ಕೇಳದೆ ಯಾರ ಮನೆತನದ ವಿಷಯವನ್ನೂ ಹೇಳಲಾಗುವುದಿಲ್ಲ.

ನಿವೃತ್ತ ಜೀವಶಾಸ್ತ್ರ ಶಿಕ್ಷಕರು, ರಾಣೆಬೆನ್ನೂರು: ಇದರಲ್ಲಿ ಗೊಂದಲಕ್ಕೆ ಆಸ್ಪದವೇ ಇಲ್ಲ. ಎಕ್ಸ್ ವರ್ಣತಂತುವಿನ ಮೇಲಿರುವ ಗುಣ ತಂದೆಯಿಂದ ಮಗನಿಗೆ ಎಂದೂ ಬರುವುದಿಲ್ಲ, ಏಕೆಂದರೆ ತಂದೆ ಮಗನಿಗೆ ಕೊಡುವುದು ವೈ ವರ್ಣತಂತುವನ್ನು. ಬಣ್ಣಗುರುಡು ಹೇಗೆ ತಾಯಿಯ ಮೂಲಕ ಬರುತ್ತದೆಯೋ ಬೊಕ್ಕತಲೆಯೂ ಹಾಗೆಯೇ. ಗದಗದ ಹುಡುಗ ತನ್ನ ಅಜ್ಜನ ಹಳೆಯ ಫೋಟೋಗಳನ್ನು ಇನ್ನೊಮ್ಮೆ ನೋಡಲಿ.

ಮಹಾಂತೇಶ, ಹಾವೇರಿ: ಜೀನ್ ಯಾವುದಾದರೂ ಇರಲಿ, ಪರಿಹಾರ ಇದೆ. ನನಗೆ ಬಂದ ಸಂದೇಶವನ್ನು ಹಾಕುತ್ತಿದ್ದೇನೆ. ಕೇರುಬೀಜದ ಎಣ್ಣೆಯನ್ನು ಹಸಿ ಬೆಳ್ಳುಳ್ಳಿಯ ರಸದಲ್ಲಿ ಬೆರೆಸಿ ರಾತ್ರಿ ಬೋಳಾದ ಜಾಗಕ್ಕೆ ಹಚ್ಚಿ ಬಟ್ಟೆ ಕಟ್ಟಿದರೆ ವಂಶದಿಂದ ಬಂದ ಬೊಕ್ಕತಲೆಯಲ್ಲೂ ಕೂದಲು ಹುಟ್ಟುತ್ತದೆ. ಎಲ್ಲರಿಗೂ ಕಳುಹಿಸಿ.

ಡಾಕ್ಟರ್: ಯಾರಿಗೂ ಕಳುಹಿಸಬೇಡಿ. ಕೇರುಬೀಜದ ಎಣ್ಣೆ ಚರ್ಮವನ್ನು ಸುಡುತ್ತದೆ, ಬೊಬ್ಬೆ ಬರಿಸುತ್ತದೆ. ಹಸಿ ಬೆಳ್ಳುಳ್ಳಿಯನ್ನು ರಾತ್ರಿಯಿಡೀ ಕಟ್ಟಿದರೆ ಅದೂ ಸುಡುತ್ತದೆ. ಆಳವಾಗಿ ಸುಟ್ಟು ಕಲೆಯಾದ ಜಾಗದಲ್ಲಿ ಕೂದಲಿನ ಬೇರೇ ಉಳಿಯುವುದಿಲ್ಲ. ಆ ಬಳಿಕ ಅಲ್ಲಿ ಯಾವ ಔಷಧಿಯೂ ಕೆಲಸ ಮಾಡದು. ಹಚ್ಚಿದ ಎಣ್ಣೆಯಿಂದ ಯಾರ ಜೀನೂ ಬದಲಾಗುವುದಿಲ್ಲ.

ಈರಣ್ಣ, ಗದಗ: ಹೌದು ಮೇಡಂ, ಸಂಬಂಧಿಕರೇ. ಅಪ್ಪ ಅವ್ವನಿಗೆ ಸ್ವಂತ ಸೋದರಮಾವ. ಅಕ್ಕನ ಮಗಳನ್ನೇ ಮದುವೆಯಾದರು. ಇದರಿಂದ ಏನಾದರೂ ವ್ಯತ್ಯಾಸವಾಗುತ್ತದೆಯೇ?

ಡಾಕ್ಟರ್: ಬಹಳ ವ್ಯತ್ಯಾಸವಾಗುತ್ತದೆ. ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ಶಿಕ್ಷಕರೂ ದಯವಿಟ್ಟು ಕೊನೆಯವರೆಗೆ ಓದಬೇಕು.

ಮೊದಲು ಸಂಬಂಧದೊಳಗೆ ಮದುವೆಯಾಗದ ಮನೆಯನ್ನು ನೋಡೋಣ. ತಾಯಿಯಲ್ಲಿ ಎರಡು ಎಕ್ಸ್ ವರ್ಣತಂತುಗಳಿರುತ್ತವೆ. ಒಂದು ಅವಳ ತಂದೆಯದು, ಇನ್ನೊಂದು ಅವಳ ತಾಯಿಯದು. ಮಗನಿಗೆ ಹೋಗುವಾಗ ಅವೆರಡೂ ತುಣುಕು ತುಣುಕಾಗಿ ಅದಲುಬದಲಾಗಿ ಒಂದೇ ಒಂದು ಎಕ್ಸ್ ಹೋಗುತ್ತದೆ. ಹೀಗಾಗಿ ಆಂಡ್ರೋಜನ್ ರಿಸೆಪ್ಟರ್ ಇರುವ ತುಣುಕು ತಾಯಿಯ ತಂದೆಯದಾಗಿರುವ ಸಾಧ್ಯತೆ ಅರ್ಧ, ತಾಯಿಯ ತಾಯಿಯದಾಗಿರುವ ಸಾಧ್ಯತೆ ಇನ್ನರ್ಧ. "ಅಜ್ಜನ ತಲೆ ನೋಡಿದರೆ ಮೊಮ್ಮಗನ ತಲೆ ತಿಳಿಯುತ್ತದೆ" ಎನ್ನುವ ಮಾತು ಇಲ್ಲಿಗೇ ಅರ್ಧ ಬಿದ್ದುಹೋಗುತ್ತದೆ. ಸೋದರಮಾವನ ವಿಷಯದಲ್ಲಿ ಇನ್ನೂ ಕಡಿಮೆ. ಸೋದರಮಾವನಿಗೂ ಎಕ್ಸ್ ಬಂದಿರುವುದು ಅಜ್ಜಿಯಿಂದಲೇ ಹೊರತು ಅಜ್ಜನಿಂದಲ್ಲ. ಅಜ್ಜಿಯ ಎರಡು ಪ್ರತಿಗಳಲ್ಲಿ ಅವನಿಗೆ ಯಾವುದು ಹೋಯಿತು, ನಿಮ್ಮ ತಾಯಿಗೆ ಯಾವುದು ಬಂತು, ನಂತರ ನಿಮಗೆ ಅದು ದಾಟಿತೋ ಇಲ್ಲವೋ ಎಂದು ಲೆಕ್ಕ ಹಾಕಿದರೆ, ಸೋದರಮಾವನ ತುಣುಕೇ ಅಳಿಯನಲ್ಲೂ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು ಮಾತ್ರ.

ಈಗ ನಿಮ್ಮ ಮನೆಗೆ ಬರುತ್ತೇನೆ. ನಿಮ್ಮ ತಾಯಿಯ ತಾಯಿ ನಿಮ್ಮ ತಂದೆಗೆ ಅಕ್ಕ. ಅಕ್ಕನಿಗೂ ತಮ್ಮನಿಗೂ ತಾಯಿ ಒಬ್ಬಳೇ, ಅವಳು ನಿಮ್ಮ ಮುತ್ತಜ್ಜಿ. ನಿಮ್ಮ ತಂದೆಯಲ್ಲಿರುವ ಒಂದೇ ಎಕ್ಸ್ ಆ ಮುತ್ತಜ್ಜಿಯಿಂದ ಬಂದದ್ದು. ಅಜ್ಜಿಯ ಎರಡು ಎಕ್ಸ್‌ಗಳಲ್ಲಿ ಒಂದು ಸಹ ಆ ಮುತ್ತಜ್ಜಿಯಿಂದ ಬಂದದ್ದು. ಮುತ್ತಜ್ಜಿ ಇಬ್ಬರಿಗೂ ಒಂದೇ ಪ್ರತಿಯನ್ನು ಕೊಟ್ಟಿರುವ ಸಾಧ್ಯತೆ ಅರ್ಧ. ಅಜ್ಜಿ ಅದೇ ಪ್ರತಿಯನ್ನು ನಿಮ್ಮ ತಾಯಿಗೆ ಕೊಟ್ಟಿರುವ ಸಾಧ್ಯತೆ ಅರ್ಧ. ತಾಯಿ ಅದನ್ನೇ ನಿಮಗೆ ಕೊಟ್ಟಿರುವ ಸಾಧ್ಯತೆಯೂ ಅರ್ಧ. ಅಂದರೆ ಎಂಟರಲ್ಲಿ ಒಂದು ಪಾಲಿನ ಸಾಧ್ಯತೆಯಲ್ಲಿ, ನಿಮ್ಮ ತಂದೆ ತಮ್ಮ ಎಕ್ಸ್ ಅನ್ನು ನಿಮಗೆ ಕೊಡದಿದ್ದರೂ, ಅವರ ತಲೆಯಲ್ಲಿ ಕೆಲಸ ಮಾಡಿದ ಅದೇ ತುಣುಕು ಅಜ್ಜಿ ಮತ್ತು ತಾಯಿಯ ದಾರಿಯಿಂದ ನಿಮ್ಮನ್ನು ತಲುಪಿರಬಹುದು. ಹೊರಗಿನ ಹೆಣ್ಣು ತಂದ ಮನೆಯಲ್ಲಿ ಈ ದಾರಿಯೇ ಇರುವುದಿಲ್ಲ. ಸೋದರಮಾವನ ಮದುವೆಯಲ್ಲಿ ತಂದೆಯ ಕಡೆ ಯಾವುದು, ತಾಯಿಯ ಕಡೆ ಯಾವುದು ಎಂದು ಗೆರೆ ಎಳೆಯಲಾಗದು ಎನ್ನುವುದು ಇದಕ್ಕಾಗಿ.

ಇದು ಎಕ್ಸ್ ವರ್ಣತಂತುವಿನ ವಿಷಯ ಮಾತ್ರ. ಬೊಕ್ಕತಲೆಗೆ ಸಂಬಂಧಿಸಿದ ಜೀನ್‌ಗಳಲ್ಲಿ ಹೆಚ್ಚಿನವು ಬೇರೆ ವರ್ಣತಂತುಗಳಲ್ಲಿವೆ. ಅವು ತಂದೆಯಿಂದಲೂ ತಾಯಿಯಿಂದಲೂ ಸಮನಾಗಿ ಬರುತ್ತವೆ. 2008ರಲ್ಲಿ 20ನೆಯ ವರ್ಣತಂತುವಿನಲ್ಲಿ ಅಂಥ ಒಂದು ಮುಖ್ಯ ಜಾಗ ಗೊತ್ತಾಯಿತು. 2017ರಲ್ಲಿ ಬ್ರಿಟನ್ನಿನ ಯುಕೆ ಬಯೋಬ್ಯಾಂಕ್‌ನ 52,000ಕ್ಕೂ ಹೆಚ್ಚು ಗಂಡಸರ ಅಧ್ಯಯನದಲ್ಲಿ 287 ಜಾಗಗಳು ಸಿಕ್ಕವು. ಅವುಗಳಲ್ಲಿ ಎಕ್ಸ್ ಮೇಲಿರುವವು 40. ಉಳಿದವುಗಳೆಲ್ಲ ಅಪ್ಪನಿಂದಲೂ ಬರಬಹುದಾದವು. ನಿಮ್ಮ ತಂದೆಯ ಬೊಕ್ಕತಲೆ ನಿಮಗೆ ಬರಲು ಈ ನೇರ ದಾರಿಯೇ ಸಾಕು, ಎಕ್ಸ್‌ನ ಸುತ್ತುದಾರಿ ಬೇಕೇಬೇಕೆಂದಿಲ್ಲ. ಅದರ ಮೇಲೆ, ಸೋದರಮಾವ ಮತ್ತು ಅಕ್ಕನ ಮಗಳ ಮಕ್ಕಳಲ್ಲಿ ಈ ಉಳಿದ ವರ್ಣತಂತುಗಳ ಸುಮಾರು ಎಂಟನೆಯ ಒಂದು ಭಾಗದಲ್ಲಿ ತಂದೆಯ ಪ್ರತಿ ಮತ್ತು ತಾಯಿಯ ಪ್ರತಿ ಒಂದೇ ಪೂರ್ವಜರಿಂದ ಬಂದಿರುತ್ತವೆ. ಆ ಭಾಗದಲ್ಲಿ ಕೂದಲಿಗೆ ಹಾನಿ ಮಾಡುವ ರೂಪವಿದ್ದರೆ ಅದು ಎರಡೂ ಕಡೆಯಿಂದ ಸೇರಿಕೊಳ್ಳುತ್ತದೆ. ನಿಮ್ಮ ಅಣ್ಣನಲ್ಲಿ ಆ ಎಂಟನೆಯ ಒಂದು ಭಾಗ ಬೇರೆ ಕಡೆ ಬಿದ್ದಿರುತ್ತದೆ. ಒಂದೇ ತಂದೆತಾಯಿಯ ಇಬ್ಬರು ಗಂಡುಮಕ್ಕಳ ತಲೆ ಹೀಗೆ ಬೇರೆಯಾಗುವುದು ನನಗೆ ಆಶ್ಚರ್ಯದ ವಿಷಯವಲ್ಲ.

ಶಿಕ್ಷಕರು, ರಾಣೆಬೆನ್ನೂರು: ನಾನು ಹಲವು ವರ್ಷ ತರಗತಿಯಲ್ಲಿ ಕಲಿಸಿದ್ದು ಸುಳ್ಳೇ? ಹಳೆಯ ಪುಸ್ತಕಗಳಲ್ಲಿ ಇನ್ನೊಂದು ಮಾತೂ ಇತ್ತು. ಬೊಕ್ಕತಲೆಯ ಜೀನ್ ಗಂಡಸರಲ್ಲಿ ಒಂದೇ ಪ್ರತಿ ಇದ್ದರೂ ಸಾಕು, ಹೆಂಗಸರಲ್ಲಿ ಎರಡು ಬೇಕು ಎಂದು. ಅದನ್ನೂ ಕಲಿಸಿದ್ದೇನೆ. ಎರಡರಲ್ಲಿ ಒಂದಾದರೂ ಸರಿ ಇರಬೇಕಲ್ಲ?

ಡಾಕ್ಟರ್: ನೀವು ಈಗ ಹೇಳಿದ ಎರಡನೆಯ ಮಾತು 1916ರಲ್ಲಿ ಡೊರೊಥಿ ಆಸ್ಬರ್ನ್ ಅವರು ಕುಟುಂಬಗಳ ವಂಶಾವಳಿ ನೋಡಿ ಬರೆದದ್ದು. ಅದು ಬಹಳ ಕಾಲ ಪುಸ್ತಕಗಳಲ್ಲಿ ಉಳಿಯಿತು. ಗಂಡಸಿನ ದೇಹದಲ್ಲಿ ಈ ಜೀನ್‌ಗಳು ಹೆಚ್ಚು ಪ್ರಕಟವಾಗುತ್ತವೆ ಎನ್ನುವ ಅದರ ತಿರುಳು ಸರಿ. ಒಂದೇ ಜೀನ್ ಎನ್ನುವುದು ತಪ್ಪು. ಎಕ್ಸ್ ಮೇಲಿನ ಜೀನ್ ಮುಖ್ಯ ಎನ್ನುವ ನಿಮ್ಮ ಮೊದಲ ಮಾತೂ ಸರಿ, ಆದರೆ ಬಣ್ಣಗುರುಡಿನ ಹೋಲಿಕೆ ನಿಲ್ಲುವುದಿಲ್ಲ. ಬಣ್ಣಗುರುಡಿನ ಜೀನ್ ಇದ್ದ ಗಂಡಸಿಗೆ ಬಣ್ಣಗುರುಡು ಇದ್ದೇ ಇರುತ್ತದೆ. ಇಲ್ಲಿ ಹಾಗಲ್ಲ. 2001ರಲ್ಲಿ ಆಂಡ್ರೋಜನ್ ರಿಸೆಪ್ಟರ್ ಜೀನ್‌ನ ಒಂದು ರೂಪವನ್ನು ಬಿಳಿಯ ಗಂಡಸರಲ್ಲಿ ಹುಡುಕಿದಾಗ, ಚಿಕ್ಕ ವಯಸ್ಸಿನಲ್ಲೇ ಬೊಕ್ಕತಲೆಯಾದವರಲ್ಲಿ ನೂರಕ್ಕೆ 98 ಮಂದಿಯಲ್ಲಿ ಅದು ಸಿಕ್ಕಿತು. ಆದರೆ ಬೊಕ್ಕತಲೆಯಾಗದವರಲ್ಲೂ ನೂರಕ್ಕೆ ಸುಮಾರು 77 ಮಂದಿಯಲ್ಲಿ ಅದೇ ರೂಪ ಇತ್ತು. ಅದಿಲ್ಲದೆ ಚಿಕ್ಕ ವಯಸ್ಸಿನಲ್ಲಿ ಬೊಕ್ಕತಲೆಯಾಗುವುದು ಅಪರೂಪ, ಆದರೆ ಅದೊಂದೇ ಸಾಲುವುದಿಲ್ಲ. ಈರಣ್ಣ ಅವರ ಅಜ್ಜನ ದಟ್ಟ ಕೂದಲು ಆ ಅಜ್ಜನಲ್ಲಿ ಈ ರೂಪ ಇರಲಿಲ್ಲ ಎನ್ನುವುದಕ್ಕೆ ಸಾಕ್ಷಿಯಲ್ಲ ಎಂಬುದನ್ನೂ ಇದರಿಂದ ತಿಳಿಯಬೇಕು.

ಗುರುಪಾದಪ್ಪ, ಶಿಗ್ಗಾಂವಿ: ಇಷ್ಟೆಲ್ಲ ಲೆಕ್ಕ ಏಕೆ? ಹೆಣ್ಣು ನೋಡಲು ಹೋದಾಗ ಹೆಣ್ಣಿನ ಅಪ್ಪನ ತಲೆಯನ್ನೂ ಅಣ್ಣತಮ್ಮಂದಿರ ತಲೆಯನ್ನೂ ನೋಡಿ ಬರಬೇಕು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿಲ್ಲ. ಈಗ ವಿಜ್ಞಾನವೂ ತಾಯಿಯ ಕಡೆಯ ಜೀನ್ ದೊಡ್ಡದು ಎಂದು ಒಪ್ಪಿಕೊಂಡಿತು.

ಸವಿತಾ, ಧಾರವಾಡ: ಕಾಕಾ ಅವರೇ, ಇದೇ ಮಾತಿನಿಂದ ನನ್ನ ತಂಗಿಗೆ ಗೊತ್ತಾಗಿದ್ದ ಸಂಬಂಧ ತಪ್ಪಿತು. ನಿಶ್ಚಯಕ್ಕೆ ಬಂದವರು ನಮ್ಮ ಅಪ್ಪನ ತಲೆ ನೋಡಿ, ಊಟ ಮಾಡಿ, ಮರುದಿನ ಬೇರೆಯವರ ಕೈಲಿ ಬೇಡವೆಂದು ಹೇಳಿಕಳಿಸಿದರು. ಆ ವರನ ತಂದೆಯ ತಲೆಯಲ್ಲೂ ಕೂದಲಿರಲಿಲ್ಲ. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಗುರುಪಾದಪ್ಪ, ಶಿಗ್ಗಾಂವಿ: ನಾನು ನಿಮ್ಮ ಮನೆಯ ವಿಷಯ ಹೇಳಿಲ್ಲ, ತಂಗೀ. ಕೇಳಿದ್ದನ್ನು ಹೇಳಿದೆ. ಮುಂದಿನ ಪೀಳಿಗೆಯ ಬಗ್ಗೆ ಯೋಚಿಸುವುದು ತಪ್ಪೇ?

ಸವಿತಾ, ಧಾರವಾಡ: ಯೋಚಿಸುವುದಾದರೆ ಗಂಡಿನ ಅಪ್ಪನನ್ನೂ ಸಾಲಿನಲ್ಲಿ ನಿಲ್ಲಿಸಿ ಯೋಚಿಸಿ. ಹೆಣ್ಣಿನ ಮನೆಯವರನ್ನು ಮಾತ್ರ ಏಕೆ?

ಡಾಕ್ಟರ್: ಗುರುಪಾದಪ್ಪ ಅವರೇ, ನಾನು ಬರೆದದ್ದನ್ನು ತಿರುಗಿಸಬೇಡಿ. ಎಕ್ಸ್ ಮೇಲಿನ ಒಂದು ಜೀನ್ ದೊಡ್ಡದು ಎಂದೆ. ತಾಯಿಯ ಕಡೆಯ ಒಟ್ಟು ಪಾಲು ತಂದೆಯ ಕಡೆಯದಕ್ಕಿಂತ ಬಹಳ ದೊಡ್ಡದು ಎಂದು ಹೇಳಿಲ್ಲ. ಹೆಣ್ಣಿನ ತಂದೆಯ ತುಣುಕು ಮೊಮ್ಮಗನಿಗೆ ಬರುವುದು ಅರ್ಧ ಸಾಧ್ಯತೆ. ಬಂದರೂ ಬೊಕ್ಕತಲೆಯಾಗಲು ಉಳಿದ ಜೀನ್‌ಗಳು ಜೊತೆಗೂಡಬೇಕು, ಅವುಗಳಲ್ಲಿ ಅರ್ಧವನ್ನು ಕೊಡುವವನು ಗಂಡೇ. ಅಮೆರಿಕದ ಒಂದು ಅಧ್ಯಯನದಲ್ಲಿ ತಂದೆಗೆ ಕೂದಲು ಉದುರಿದ್ದ ಗಂಡಸರಲ್ಲಿ, ತಂದೆಗೆ ಉದುರದಿದ್ದವರಿಗಿಂತ ಕೂದಲು ಉದುರುವ ಸಾಧ್ಯತೆ ಸುಮಾರು ಎರಡೂವರೆ ಪಟ್ಟು ಕಂಡುಬಂತು. ಇದನ್ನು ನೆಪ ಮಾಡಿ ಹೆಣ್ಣನ್ನು ಬೇಡವೆನ್ನುವುದಕ್ಕೆ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ನನ್ನ ಮಾತನ್ನು ಅದಕ್ಕೆ ಬಳಸಬಾರದು.

ಮಂಜುನಾಥ, ಹುಬ್ಬಳ್ಳಿ: ಡೆಂಗಿ ಜ್ವರ ಬಂದು ಹೋಗಿ ಮೂರು ತಿಂಗಳ ನಂತರ ಬಾಚಣಿಗೆಯ ತುಂಬ ಕೂದಲು ಬರುತ್ತಿದೆ. ನನಗೂ ತಾಯಿಯ ಕಡೆಯಿಂದಲೇ ಬಂತೇ?

ಡಾಕ್ಟರ್: ಇಲ್ಲ. ಜ್ವರದ ನಂತರ ಎರಡು ಮೂರು ತಿಂಗಳಿಗೆ ಹೀಗೆ ಉದುರುತ್ತದೆ, ಸಾಮಾನ್ಯವಾಗಿ ತಾನಾಗಿಯೇ ತಿರುಗಿ ಬರುತ್ತದೆ.

ಬಸವ್ವ, ಬ್ಯಾಡಗಿ: ಡಾಕ್ಟರವ್ವ, ನನ್ನ ಮಗಳಿಗೆ 19 ವರ್ಷ. ಬೈತಲೆಯ ಗೆರೆ ಅಗಲವಾಗುತ್ತಿದೆ, ನೆತ್ತಿ ಕಾಣುತ್ತಿದೆ. ಅವಳ ಅಪ್ಪನಿಗೂ ಕಾಕಾಗೂ ಬೊಕ್ಕತಲೆ, ಆದ್ದರಿಂದ ವಂಶದ್ದು, ಏನೂ ಮಾಡಲಾಗದು ಎಂದು ಎಲ್ಲರೂ ಹೇಳಿದರು. ಗದ್ದದ ಮೇಲೂ ಕೂದಲು ಬರುತ್ತಿದೆ. ತಿಂಗಳ ಮುಟ್ಟು ನಾಲ್ಕು ತಿಂಗಳಿಂದ ಆಗಿಲ್ಲ. ಈರುಳ್ಳಿ ರಸ ಹಚ್ಚುತ್ತಿದ್ದೇವೆ.

ಡಾಕ್ಟರ್: ತಾಯೀ, ಈ ಗುಂಪಿನಲ್ಲಿ ನನಗೆ ಚಿಂತೆ ಹಚ್ಚಿದ ಪ್ರಶ್ನೆ ನಿಮ್ಮದು. ವಂಶದ್ದು ಎಂದು ಹೇಳಿ ಬಿಡಬೇಡಿ. ಹೆಣ್ಣುಮಕ್ಕಳಿಗೂ ವಂಶದಿಂದ ಕೂದಲು ತೆಳುವಾಗುತ್ತದೆ, ಆದರೆ ಗದ್ದದ ಕೂದಲು ಮತ್ತು ನಿಂತ ಮುಟ್ಟು ಜೊತೆಗೂಡಿದಾಗ ದೇಹದಲ್ಲಿ ಗಂಡು ಹಾರ್ಮೋನ್ ಹೆಚ್ಚಾಗಿದೆಯೇ ಎಂದು ಮೊದಲು ನೋಡಲೇಬೇಕು. ಹೆಚ್ಚಿನವರಲ್ಲಿ ಕಾರಣ ಅಂಡಾಶಯದ ಪಿ.ಸಿ.ಓ.ಎಸ್. ಆಗಿರುತ್ತದೆ, ಅದಕ್ಕೆ ಚಿಕಿತ್ಸೆ ಇದೆ. ರಕ್ತದಲ್ಲಿ ಟೆಸ್ಟೋಸ್ಟಿರಾನ್, ಥೈರಾಯ್ಡ್ ಮತ್ತು ಕಬ್ಬಿಣದ ಸಂಗ್ರಹವನ್ನು ತೋರಿಸುವ ಫೆರಿಟಿನ್ ನೋಡಿಸಿ, ಸ್ತ್ರೀರೋಗ ವೈದ್ಯರಿಗೆ ತೋರಿಸಿ. ಧ್ವನಿ ಗಡಸಾಗುತ್ತಿದ್ದರೆ, ಅಥವಾ ಇದೆಲ್ಲ ಕೆಲವೇ ವಾರಗಳಲ್ಲಿ ವೇಗವಾಗಿ ಬಂದಿದ್ದರೆ, ಒಂದು ದಿನವೂ ತಡ ಮಾಡಬೇಡಿ, ಏಕೆಂದರೆ ಆಗ ಅಂಡಾಶಯದಲ್ಲೋ ಮೂತ್ರಪಿಂಡದ ಮೇಲಿನ ಗ್ರಂಥಿಯಲ್ಲೋ ಗಡ್ಡೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಈರುಳ್ಳಿ ರಸ ನಿಲ್ಲಿಸಿ. ಅದರಿಂದ ಕಳೆದ ಸಮಯವೇ ನಷ್ಟ.

ಮಹಾಂತೇಶ, ಹಾವೇರಿ: ಮೇಡಂ, ನಮ್ಮ ಹಿರಿಯರ ಔಷಧಿಯನ್ನೆಲ್ಲ ತಳ್ಳಿಹಾಕುತ್ತಿದ್ದೀರಿ. ಆನ್‌ಲೈನ್‌ನಲ್ಲಿ ಸಿಗುವ ಫಿನಾಸ್ಟರೈಡ್ ಮಾತ್ರೆಯಾದರೂ ಜೀನ್ ಬದಲಿಸುತ್ತದೆಯೇ? ಮನೆಯಲ್ಲಿ ಒಬ್ಬರಿಗೆ ತರಿಸಿ ಎಲ್ಲರೂ ತೆಗೆದುಕೊಳ್ಳೋಣವೆಂದಿದ್ದೇವೆ.

ಡಾಕ್ಟರ್: ಮಾತ್ರೆ ಜೀನ್ ಬದಲಿಸುವುದಿಲ್ಲ. ಟೆಸ್ಟೋಸ್ಟಿರಾನ್ ಡಿ.ಎಚ್.ಟಿ. ಎಂಬ ಇನ್ನೊಂದು ಗಂಡು ಹಾರ್ಮೋನ್ ಆಗುವುದನ್ನು ಕಡಿಮೆ ಮಾಡುತ್ತದೆ. ಆ ರಿಸೆಪ್ಟರ್‌ಗೆ ಅಂಟಿಕೊಂಡು ಕೂದಲನ್ನು ಕೃಶಗೊಳಿಸುವುದು ಮುಖ್ಯವಾಗಿ ಡಿ.ಎಚ್.ಟಿ. ಬೊಕ್ಕತಲೆಗೆ ಜೀನ್ ಜೊತೆಗೆ ಹಾರ್ಮೋನೂ ಬೇಕು ಎನ್ನುವುದು 1942ರಲ್ಲಿ ಜೇಮ್ಸ್ ಹ್ಯಾಮಿಲ್ಟನ್ ಅವರ ಅಧ್ಯಯನದಲ್ಲೇ ಕಂಡಿತ್ತು. ಯೌವನಕ್ಕೆ ಮುಂಚೆ ವೃಷಣ ಕಳೆದುಕೊಂಡವರಿಗೆ ಬೊಕ್ಕತಲೆಯಾಗಲಿಲ್ಲ, ಅವರಲ್ಲಿ ಕೆಲವರಿಗೆ ಹಾರ್ಮೋನ್ ಕೊಟ್ಟ ನಂತರ ಕೂದಲು ಉದುರಲು ತೊಡಗಿತು. ಮನೆಮಂದಿಯೆಲ್ಲ ಹಂಚಿಕೊಂಡು ತಿನ್ನುವ ಮಾತ್ರೆ ಇದಲ್ಲ. ಗರ್ಭಿಣಿ ಇದನ್ನು ಪುಡಿಯಾಗಿ ಮುಟ್ಟಿದರೂ ಗಂಡುಶಿಶುವಿನ ಬೆಳವಣಿಗೆಗೆ ಅಪಾಯ. ವಯಸ್ಸಾದವರು ತೆಗೆದುಕೊಂಡರೆ ಪ್ರಾಸ್ಟೇಟ್‌ನ ಪಿ.ಎಸ್.ಎ. ಪರೀಕ್ಷೆಯಲ್ಲಿ ಬರುವ ಅಂಕಿ ಅರ್ಧಕ್ಕೆ ಇಳಿದು ಕಾಯಿಲೆ ಮುಚ್ಚಿಹೋಗಬಹುದು. ಪರೀಕ್ಷೆ ಮಾಡದೆ ಯಾರಿಗೂ ಪ್ರಮಾಣ ಹೇಳುವುದಿಲ್ಲ. ಇದನ್ನು ಮತ್ತೆ ಕೇಳಬೇಡಿ.

ರಾಜಶೇಖರ, ಧಾರವಾಡ: ತಲೆಯಲ್ಲಿ ರೂಪಾಯಿಯಷ್ಟು ಅಗಲ ನುಣುಪಾಗಿ ಬೋಳಾಗಿದೆ. ಇದು ತಾಯಿಯ ಕಡೆಯದೇ?

ಡಾಕ್ಟರ್: ಇದು ಬೇರೆ ಕಾಯಿಲೆ. ತೋರಿಸಿಕೊಳ್ಳಿ.

ಕಿರಣ, ಹುಬ್ಬಳ್ಳಿ: ಕೂದಲು ಕಸಿ ಮಾಡಿಸಲು ಎಷ್ಟು ಖರ್ಚಾಗುತ್ತದೆ? ಕಸಿ ಮಾಡಿದ ಕೂದಲು ಮಕ್ಕಳಿಗೂ ಬರುತ್ತದೆಯೇ?

ಶಿಕ್ಷಕರು, ರಾಣೆಬೆನ್ನೂರು: ಕಿರಣ ಅವರೇ, ಇದು ಯಾವ ಪ್ರಶ್ನೆ? ದೇಹದ ಮೇಲೆ ಮಾಡಿದ ಬದಲಾವಣೆ ಮಕ್ಕಳಿಗೆ ಬರುವುದಿಲ್ಲ ಎಂದು ಶಾಲೆಯಲ್ಲಿ ಕಲಿತಿಲ್ಲವೇ? ಇನ್ನು ಡಾಕ್ಟರಿಗೆ ಒಂದು ಮಾತು. 52,000 ಗಂಡಸರೂ ಬ್ರಿಟನ್ನಿನವರು ಎನ್ನುತ್ತೀರಿ. ನಮ್ಮ ರಾಣೆಬೆನ್ನೂರಿನವರಿಗೆ ಅದು ಹೇಗೆ ಅನ್ವಯಿಸುತ್ತದೆ?

ಡಾಕ್ಟರ್: ಇದು ಸರಿಯಾದ ಪ್ರಶ್ನೆ, ಸರ್. ಹಲವು ಜೀನ್‌ಗಳು ಸೇರಿ, ತಂದೆತಾಯಿ ಇಬ್ಬರಿಂದಲೂ ಬರುತ್ತದೆ ಎನ್ನುವ ಕ್ರಮ ಎಲ್ಲರಿಗೂ ಅನ್ವಯಿಸುತ್ತದೆ. ಯಾವ ರೂಪ ಎಷ್ಟು ಮಂದಿಯಲ್ಲಿದೆ, ಪ್ರತಿಯೊಂದರ ತೂಕ ಎಷ್ಟು ಎನ್ನುವ ಅಂಕಿಗಳನ್ನು ಮಾತ್ರ ಅಲ್ಲಿಂದ ಎತ್ತಿ ಇಲ್ಲಿ ಇಡಬಾರದು. ಎಂಜಲು ಕಳುಹಿಸಿದರೆ ಬೊಕ್ಕತಲೆಯ ಭವಿಷ್ಯ ಹೇಳುತ್ತೇವೆ ಎನ್ನುವ ಪರೀಕ್ಷೆಗಳನ್ನು ನಾನು ಬರೆದುಕೊಡದಿರುವುದು ಇದೇ ಕಾರಣಕ್ಕೆ. ಅದರ ಫಲಿತಾಂಶದಿಂದ ಚಿಕಿತ್ಸೆಯೂ ಬದಲಾಗುವುದಿಲ್ಲ.

ಗುರುಪಾದಪ್ಪ, ಶಿಗ್ಗಾಂವಿ: ಅಂದರೆ ಖಚಿತವಾಗಿ ಏನೂ ಗೊತ್ತಿಲ್ಲ ಎಂದಾಯಿತು. ಹಿರಿಯರ ಮಾತೇ ವಾಸಿ.

ಸವಿತಾ, ಧಾರವಾಡ: ಇಷ್ಟು ಬರೆದರೂ ನಿಮಗೆ ಬೇಕಾದ ಒಂದು ಸಾಲನ್ನೇ ಹುಡುಕುತ್ತಿದ್ದೀರಿ. ನಿಮ್ಮೊಡನೆ ಇನ್ನು ಮಾತಿಲ್ಲ.

ಈರಣ್ಣ, ಗದಗ: ಮೇಡಂ, ಕೊನೆಯದಾಗಿ ಒಂದು ಪ್ರಶ್ನೆ. ಅಣ್ಣನಿಗೆ 32 ದಾಟಿದೆ. ಅವನು ಪಾರಾದ ಎಂದು ತಿಳಿಯಬಹುದೇ? ನನ್ನದು ವಂಶದ್ದೇ ಎಂದು ಖಚಿತಪಡಿಸುವುದು ಹೇಗೆ?

ಡಾಕ್ಟರ್: ಪಾರಾದ ಎಂದು ಹೇಳಲಾಗದು. ಈ ಬಗೆಯ ಕೂದಲು ನಷ್ಟ ಕೆಲವರಲ್ಲಿ ನಲವತ್ತರ ನಂತರವೂ ತೊಡಗುತ್ತದೆ. ತಾಯಿಯಿಂದ ನಿಮ್ಮಿಬ್ಬರಿಗೂ ಎಕ್ಸ್‌ನ ಒಂದೇ ತುಣುಕು ಬಂದಿರುವ ಸಾಧ್ಯತೆಯೂ ಅರ್ಧದಷ್ಟಿದೆ. ನಿಮ್ಮದನ್ನು ಖಚಿತಪಡಿಸಲು ವಂಶಾವಳಿ ಬೇಡ, ನಿಮ್ಮ ತಲೆಯೇ ಸಾಕು. ಡರ್ಮಾಸ್ಕೋಪ್ ಎಂಬ ಕೈ ಭೂತಗನ್ನಡಿಯಲ್ಲಿ ನೆತ್ತಿಯ ಚರ್ಮವನ್ನು ನೋಡಿದಾಗ, ಒಂದೇ ರಂಧ್ರದಿಂದ ಹೊರಟ ಎರಡು ಕೂದಲುಗಳಲ್ಲಿ ಒಂದು ಕಪ್ಪಾಗಿ ದಪ್ಪಗಿದ್ದು, ಪಕ್ಕದ್ದು ಬಣ್ಣಗೆಟ್ಟ ಎಳೆಯಾಗಿ ತೆಳ್ಳಗಿರುತ್ತದೆ. ಹಣೆಯ ಬದಿ ಮತ್ತು ನೆತ್ತಿಯಲ್ಲಿ ಐದಕ್ಕೆ ಒಂದರಷ್ಟು ಅಥವಾ ಅದಕ್ಕಿಂತ ಹೆಚ್ಚು ಕೂದಲುಗಳು ಹೀಗೆ ದಪ್ಪದಲ್ಲಿ ಬೇರೆಯಾಗಿದ್ದು, ತಲೆಯ ಹಿಂಭಾಗದಲ್ಲಿ ಎಲ್ಲವೂ ಒಂದೇ ದಪ್ಪ ಇದ್ದರೆ ರೋಗನಿರ್ಣಯ ಆಯಿತು. ತೆಳುವಾದ ಕೂದಲು ಇನ್ನೂ ಜೀವಂತ ಇರುವುದರಿಂದ ಈ ಹಂತದಲ್ಲಿ ಬಂದರೆ ಅದನ್ನು ಉಳಿಸಿಕೊಳ್ಳಲು ಸಾಧ್ಯ. ನುಣುಪಾದ ಬೋಳಾದ ಮೇಲೆ ಔಷಧಿಯಿಂದ ಹೆಚ್ಚಿನದನ್ನು ನಿರೀಕ್ಷಿಸಬಾರದು. ಎಣ್ಣೆ ಹಚ್ಚದೆ ಬನ್ನಿ, ಎಣ್ಣೆಯಿದ್ದರೆ ರಂಧ್ರಗಳು ಕಾಣುವುದಿಲ್ಲ. ಅಣ್ಣನನ್ನೂ ಕರೆದುಕೊಂಡು ಬನ್ನಿ, ಇಬ್ಬರ ನೆತ್ತಿಯನ್ನೂ ಒಟ್ಟಿಗೆ ನೋಡುವ ಆಸೆ ನನಗಿದೆ.